ಖಾತಾಪುಸ್ತಕದಿಂದ ಕಾರ್ಖಾನೆಯ ಬಾಗಿಲಿಗೆ: ಬ್ಯಾಂಕಿನ ಗುಮಾಸ್ತರ ಮರುಶಿಕ್ಷಣ

ಬ್ಯಾಂಕಿನ ಗುಮಾಸ್ತರು ದಿನವಿಡೀ ಮಾಡುವುದೇನು? ಕಿಟಕಿಯ ಹೊರಗೆ ಸಾಲಿನಲ್ಲಿ ನಿಂತವರನ್ನು ಕೇಳಿದರೆ, ಹಣ ಎಣಿಸುತ್ತಾರೆ, ಬರೆಯುತ್ತಾರೆ, ಮುದ್ರೆ ಒತ್ತುತ್ತಾರೆ ಎಂದು ಹೇಳಿಯಾರು. ಈ ಉತ್ತರ ಸುಳ್ಳಲ್ಲ. ಆದರೆ ಪೂರ್ತಿಯಾದುದೂ ಅಲ್ಲ. ಎಣಿಸುವ, ಬರೆಯುವ, ಒತ್ತುವ ಕೆಲಸಗಳೆಲ್ಲ ಒಂದೊಂದಾಗಿ ಯಂತ್ರಗಳ ಪಾಲಾದ ಮೇಲೂ ಆ ಕುರ್ಚಿಯಲ್ಲಿ ಕುಳಿತವರಲ್ಲಿ ಏನೋ ಒಂದು ಉಳಿದಿರುತ್ತದೆ. ಆ ಉಳಿದದ್ದು ಯಾವುದು, ಅದನ್ನು ಬಂಡವಾಳವಾಗಿಟ್ಟುಕೊಂಡು ನಲವತ್ತು ದಾಟಿದ ಗುಮಾಸ್ತರಿಗೆ ಹೊಸ ಕೆಲಸವೊಂದನ್ನು ಕಲಿಸುವ ಬಗೆ ಹೇಗೆ ಎಂಬುದನ್ನು ಈ ಲೇಖನದಲ್ಲಿ ನಾವು ವಿಚಾರ ಮಾಡುವೆವು. ವಿಷಯ ಸ್ಪಷ್ಟವಾಗುವುದಕ್ಕೆ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಶಾಖೆಯನ್ನು ಕಲ್ಪಿಸಿಕೊಂಡು, ಅಲ್ಲಿನ ಒಬ್ಬ ಗುಮಾಸ್ತೆಯ ಆರು ತಿಂಗಳ ಪಾಠಕ್ರಮವನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಯಂತ್ರ ಕೊಂಡೊಯ್ದ ಕೆಲಸ

ಮೊದಲು ಚೆಕ್ಕಿನ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಮನೆಯಲ್ಲಿ ಚೆಕ್ಕುಪುಸ್ತಕವಿದ್ದರೆ ವಾಚಕರು ಒಂದು ಹಾಳೆಯನ್ನು ಎದುರಿಗಿಟ್ಟುಕೊಳ್ಳಲಿ. ಅದರ ಕೆಳ ಅಂಚಿನ ಬಿಳಿಯ ಪಟ್ಟಿಯಲ್ಲಿ ವಿಚಿತ್ರವಾದ ಮೊಂಡು ಅಕ್ಷರಗಳಲ್ಲಿ ಅಂಕಿಗಳು ಅಚ್ಚಾಗಿರುತ್ತವೆ. ಎಡದ ಆರು ಅಂಕಿಗಳು ಚೆಕ್ಕಿನ ಸಂಖ್ಯೆ. ಅದರ ಮುಂದಿನ ಒಂಬತ್ತು ಅಂಕಿಗಳಲ್ಲಿ ಮೊದಲ ಮೂರು ಊರನ್ನೂ, ನಡುವಿನ ಮೂರು ಬ್ಯಾಂಕನ್ನೂ, ಕೊನೆಯ ಮೂರು ಶಾಖೆಯನ್ನೂ ಸೂಚಿಸುತ್ತವೆ. ಬೆಂಗಳೂರಿನ ಚೆಕ್ಕಾದರೆ ಆ ಮೊದಲ ಮೂರು ಅಂಕಿಗಳು ೫೬೦. ಈ ಅಂಕಿಗಳನ್ನು ಅಚ್ಚುಮಾಡುವ ಮಸಿಯಲ್ಲಿ ಕಬ್ಬಿಣದ ಆಕ್ಸೈಡ್ ಬೆರೆತಿರುವುದರಿಂದ ಯಂತ್ರವು ಅವುಗಳನ್ನು ಕಾಂತಶಕ್ತಿಯ ಮೂಲಕ ಓದಬಲ್ಲದು. ಮೇಲೆ ಮುದ್ರೆ ಬಿದ್ದಿದ್ದರೂ, ಗೀಚಿದ್ದರೂ ಅದಕ್ಕೆ ತೊಡಕಿಲ್ಲ. ೧೯೮೦ರ ದಶಕದಲ್ಲಿ ಈ ಪದ್ಧತಿ ನಮ್ಮ ದೇಶದ ದೊಡ್ಡ ನಗರಗಳಿಗೆ ಬರುವುದಕ್ಕೆ ಮುಂಚೆ, ಚೆಕ್ಕುಗಳನ್ನು ಓದಿ ಬ್ಯಾಂಕುವಾರು ಕಟ್ಟು ಕಟ್ಟುವ ಕೆಲಸವನ್ನೆಲ್ಲ ಗುಮಾಸ್ತರ ಕಣ್ಣೂ ಕೈಯೂ ಮಾಡುತ್ತಿದ್ದವು.

ಆದರೂ ಚೆಕ್ಕು ಕಾಗದವಾಗಿಯೇ ಪ್ರಯಾಣ ಮಾಡುತ್ತಿತ್ತು. ಶಾಖೆಯಿಂದ ತೀರುವೆಮನೆಗೆ, ಅಲ್ಲಿಂದ ಇನ್ನೊಂದು ಬ್ಯಾಂಕಿಗೆ ಅದನ್ನು ಹೊತ್ತವರೂ ಪಟ್ಟಿಮಾಡಿದವರೂ ಮನುಷ್ಯರೇ. ೨೦೦೮ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕು ದೆಹಲಿಯಲ್ಲಿ ಹೊಸ ಕ್ರಮವೊಂದನ್ನು ಆರಂಭಿಸಿತು. ಇದರಲ್ಲಿ ಚೆಕ್ಕು ತಾನು ಜಮಾ ಆದ ಶಾಖೆಯಲ್ಲಿಯೇ ನಿಂತುಬಿಡುತ್ತದೆ. ಅದರ ಚಿತ್ರವೂ ಆ ಕಾಂತಪಟ್ಟಿಯ ಅಂಕಿಗಳೂ ಮಾತ್ರ ತಂತಿಯ ಮೇಲೆ ಸಾಗುತ್ತವೆ. ೨೦೧೧ರಲ್ಲಿ ಚೆನ್ನೈ ಕೇಂದ್ರವಾಗಿ ದಕ್ಷಿಣ ವಲಯಕ್ಕೂ ಈ ಕ್ರಮ ಬಂದಿತು; ೨೦೨೦ರಲ್ಲಿ ದೇಶದ ಉಳಿದ ತೀರುವೆಮನೆಗಳಿಗೂ ಬಂದಿತು; ೨೦೨೫ರ ಅಕ್ಟೋಬರ್ ೪ರಿಂದ ಚೆಕ್ಕುಗಳನ್ನು ಕಂತುಕಂತಾಗಿ ಕಳುಹಿಸುವುದೂ ತಪ್ಪಿ, ಸ್ಕ್ಯಾನ್ ಆದಂತೆಲ್ಲ ಹಗಲಿಡೀ ಹೋಗುತ್ತಿರುವ ಏರ್ಪಾಡಾಯಿತು. ಹೊರುವ ಕೆಲಸ, ವಿಂಗಡಿಸುವ ಕೆಲಸ, ಪಟ್ಟಿಮಾಡುವ ಕೆಲಸ ಮೂರೂ ಹೀಗೆ ಕೊನೆಗೊಂಡವು.

ಖಾತಾಪುಸ್ತಕದ ಕಥೆಯೂ ಇಂಥದೇ. ಲೆಡ್ಜರಿನಲ್ಲಿ ಜಮಾಖರ್ಚು ಬರೆದು, ಸಂಜೆ ಶಿಲ್ಕು ತಾಳೆಹಾಕಿ, ಒಂದು ರೂಪಾಯಿ ಹೊಂದದಿದ್ದರೆ ರಾತ್ರಿ ಎಂಟರವರೆಗೂ ಹುಡುಕುತ್ತಿದ್ದ ಕಾಲವೊಂದಿತ್ತು. ೧೯೮೩ರಲ್ಲಿ ಬ್ಯಾಂಕುಗಳ ಸಂಘಕ್ಕೂ ನೌಕರರ ಸಂಘಗಳಿಗೂ ಯಂತ್ರಗಳ ಬಳಕೆಯ ಬಗ್ಗೆ ಒಪ್ಪಂದವಾಯಿತು. ಮರುವರ್ಷ ರಂಗರಾಜನ್ ಸಮಿತಿಯ ವರದಿ ಬಂದಿತು. ಆಮೇಲೆ ಶಾಖೆಯೊಳಗಿನ ಗಣಕಗಳು ಬಂದವು. ಕೊನೆಗೆ ಎಲ್ಲ ಶಾಖೆಗಳ ಲೆಕ್ಕವನ್ನೂ ಒಂದೇ ಕೇಂದ್ರದಲ್ಲಿಡುವ ಕೋರ್ ಬ್ಯಾಂಕಿಂಗ್ ಬಂದಿತು. ಇಂಥ ತಂತ್ರಾಂಶಗಳಲ್ಲಿ ಹೆಸರಾದ ಫಿನಾಕಲ್ ಎಂಬುದು ನಮ್ಮ ಎಲೆಕ್ಟ್ರಾನಿಕ್ ಸಿಟಿಯ ಇನ್ಫೋಸಿಸ್ ಸಂಸ್ಥೆಯ ಕೃತಿ. ನಗರದ ದಕ್ಷಿಣದ ಅಂಚಿನಲ್ಲಿ ಕುಳಿತು ಬರೆದ ತಂತ್ರಾಂಶವು ದೇಶದ ಎಷ್ಟೋ ಶಾಖೆಗಳ ಲೆಡ್ಜರುಗಳನ್ನು ಕಪಾಟಿಗೆ ಸೇರಿಸಿತೆಂಬುದು ಗಮನಿಸತಕ್ಕ ಸಂಗತಿ. ಇಂದು ಸೇವೆಯ ನಡುಭಾಗದಲ್ಲಿರುವ ಗುಮಾಸ್ತರು ಹೆಚ್ಚಾಗಿ ಲೆಡ್ಜರು ಹೋದ ಮೇಲೆ ಸೇರಿದವರು. ಅವರ ಪಾಲಿಗೆ ಉಳಿದಿದ್ದುದು ನಗದು ಕಿಟಕಿ, ಪಾಸ್‌ಪುಸ್ತಕದ ಅಚ್ಚು, ಹಣ ವರ್ಗಾವಣೆಯ ಚೀಟಿಗಳನ್ನು ಗಣಕಕ್ಕೆ ತುಂಬುವುದು. ೨೦೧೬ರಲ್ಲಿ ಯುಪಿಐ ಬಂದ ಮೇಲೆಯೂ, ನಗದು ಜಮಾ ಯಂತ್ರಗಳೂ ಪಾಸ್‌ಪುಸ್ತಕ ಅಚ್ಚಿಸುವ ಯಂತ್ರಗಳೂ ಶಾಖೆಯ ಮುಂಭಾಗದಲ್ಲಿ ನಿಂತ ಮೇಲೆಯೂ ಅದೂ ಸವೆಯುತ್ತಿದೆ. ಹೆಸರೇ ಬದಲಾಗುತ್ತಿದೆ: ೨೦೨೫ರ ಸಾರ್ವಜನಿಕ ನೇಮಕಾತಿಯಲ್ಲಿ ಈ ಹುದ್ದೆಯನ್ನು ಗುಮಾಸ್ತನೆನ್ನದೆ 'ಗ್ರಾಹಕ ಸೇವಾ ಸಹಾಯಕ' ಎಂಬರ್ಥದ ಹೆಸರಿನಿಂದ ಕರೆಯಲಾಯಿತು.

ಯಂತ್ರವು ಯಾವುದನ್ನು ಕೊಂಡೊಯ್ಯುತ್ತದೆ, ಯಾವುದನ್ನು ಬಿಡುತ್ತದೆ ಎಂಬುದಕ್ಕೆ ಒಂದು ಸರಳವಾದ ಒರೆಗಲ್ಲುಂಟು. ಒಂದು ಕೆಲಸದ ನಿಯಮವನ್ನು ಒಂದೂ ಬಿಡದಂತೆ ಮೊದಲೇ ಬರೆದಿಡಬಹುದಾದರೆ ಅದು ಇಂದಲ್ಲ ನಾಳೆ ಯಂತ್ರಕ್ಕೆ ಸೇರಿದ್ದು. ಚೆಕ್ಕಿನ ಮೊತ್ತ ಖಾತೆಯ ಶಿಲ್ಕಿಗಿಂತ ಹೆಚ್ಚಿದ್ದರೆ ಹಿಂತಿರುಗಿಸು ಎಂಬುದು ಇಂಥ ನಿಯಮ. ಆದರೆ "ಈ ಅಜ್ಜಿ ಪ್ರತಿ ತಿಂಗಳೂ ಐದು ಸಾವಿರ ತೆಗೆಯುವವರು, ಇಂದು ಯಾರೋ ಹುಡುಗನ ಜೊತೆಯಲ್ಲಿ ಬಂದು ಎಲ್ಲ ಹಣವನ್ನೂ ಕೇಳುತ್ತಿದ್ದಾರೆ" ಎಂದು ಕಿಟಕಿಯ ಒಳಗಿನವರಿಗೆ ಅನ್ನಿಸುವುದಿದೆಯಲ್ಲ, ಅದರ ನಿಯಮವನ್ನು ಬರೆಯುವುದು ಕಷ್ಟ. ಹೊಂದದೆ ಇರುವುದನ್ನು ಕಂಡಕೂಡಲೆ ನಿಲ್ಲುವ ಈ ಅಭ್ಯಾಸವೇ ಗುಮಾಸ್ತಿಕೆಯು ವರ್ಷಾನುಗಟ್ಟಲೆ ಕಲಿಸಿದ ನಿಜವಾದ ವಿದ್ಯೆ. ನಾವು ಅದನ್ನು 'ತಾಳೆಯ ಕಣ್ಣು' ಎಂದು ಕರೆಯೋಣ.

ಇಲ್ಲಿ ಹೊರದೇಶದ ಒಂದು ದೃಷ್ಟಾಂತವನ್ನು ನೆನೆಯುವುದು ಸೂಕ್ತ. ಅಮೆರಿಕದಲ್ಲಿ ಎಟಿಎಂ ಯಂತ್ರಗಳು ಹಬ್ಬಿದಾಗ ನಗದು ಗುಮಾಸ್ತರೆಲ್ಲ ಮನೆಗೆ ಹೋಗುವರೆಂದೇ ಜನ ತಿಳಿದರು. ಅರ್ಥಶಾಸ್ತ್ರಜ್ಞ ಜೇಮ್ಸ್ ಬೆಸೆನ್ ಲೆಕ್ಕ ತೆಗೆದು ನೋಡಿದಾಗ ಬೇರೆಯೇ ಚಿತ್ರ ಕಂಡಿತು. ೧೯೮೮ರಿಂದ ೨೦೦೪ರ ವರೆಗೆ ಅಲ್ಲಿನ ನಗರಗಳ ಒಂದು ಶಾಖೆಗೆ ಬೇಕಾಗುತ್ತಿದ್ದ ನಗದು ಗುಮಾಸ್ತರು ಸುಮಾರು ೨೦ರಿಂದ ೧೩ಕ್ಕೆ ಇಳಿದರು, ನಿಜ. ಆದರೆ ಶಾಖೆ ನಡೆಸುವ ವೆಚ್ಚ ತಗ್ಗಿದ್ದರಿಂದ ಬ್ಯಾಂಕುಗಳು ಹೆಚ್ಚು ಶಾಖೆಗಳನ್ನು ತೆರೆದವು, ಒಟ್ಟು ಗುಮಾಸ್ತರ ಸಂಖ್ಯೆ ಕುಸಿಯಲಿಲ್ಲ. ಅವರ ಕೆಲಸ ಮಾತ್ರ ಎಣಿಸುವುದರಿಂದ ಗ್ರಾಹಕರೊಡನೆ ವ್ಯವಹರಿಸುವುದಕ್ಕೆ ತಿರುಗಿತು. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಮುಂದೆ ಜನ ಕೈಯಲ್ಲಿನ ಫೋನಿನಲ್ಲಿಯೇ ವ್ಯವಹಾರ ಮಾಡತೊಡಗಿದಾಗ ಶಾಖೆಗಳೂ ಮುಚ್ಚತೊಡಗಿದವು, ಗುಮಾಸ್ತರ ಸಂಖ್ಯೆಯೂ ಇಳಿಯಿತು. ಶಾಖೆಗೆ ಜನ ಬರುವವರೆಗೆ ಮಾತ್ರ ಮೊದಲ ಸಮಾಧಾನ ಸಲ್ಲುತ್ತದೆ. ಆದಕಾರಣ ಕಿಟಕಿಯಲ್ಲಿಯೇ ಕುಳಿತು ನಗುಮುಖದಿಂದ ಮಾತನಾಡುವುದನ್ನು ಕಲಿಸಿದರೆ ಸಾಲದು. ಗುಮಾಸ್ತರು ಶಾಖೆಯಿಂದ ಹೊರಕ್ಕೆ ಹೋಗಬಲ್ಲ ವಿದ್ಯೆಯೊಂದು ಬೇಕು.

ಪೀಣ್ಯಕ್ಕೆ ಏನು ಬೇಕು

ಪೀಣ್ಯವು ಸಣ್ಣ ಕಾರ್ಖಾನೆಗಳ ಊರು. ಲೇತು, ಮಿಲ್ಲಿಂಗ್ ಯಂತ್ರ, ಅಚ್ಚು ತಯಾರಿಕೆ, ಲೋಹಲೇಪನ, ಬಣ್ಣ ಹಾಕುವುದು, ಇಂಥ ಕೆಲಸಗಳನ್ನು ಹತ್ತು ಹದಿನೈದು ಜನರಿಟ್ಟುಕೊಂಡು ಮಾಡುವ ಷೆಡ್ಡುಗಳು ಅಲ್ಲಿ ಸಾಲುಸಾಲಾಗಿವೆ. ಇಂಥ ಷೆಡ್ಡಿನ ಮಾಲಿಕನಿಗೆ ಸದಾ ಕಾಡುವುದು ದುಡಿಯುವ ಬಂಡವಾಳದ ಕೊರತೆ. ಉಕ್ಕನ್ನು ಇಂದು ಕೊಳ್ಳಬೇಕು. ಅದು ಯಂತ್ರದ ಮೇಲೆ ಹೋಗಿ ಬಿಡಿಭಾಗವಾಗಿ ಹೊರಬರಲು ಕೆಲವು ವಾರ ಬೇಕು. ಸರಕು ಕೊಂಡ ದೊಡ್ಡ ಕಂಪೆನಿ ಹಣ ಕೊಡುವುದಕ್ಕೆ ಇನ್ನೂ ಎರಡು ಮೂರು ತಿಂಗಳು. ೨೦೦೬ರ ಸಣ್ಣ ಉದ್ಯಮಗಳ ಕಾಯಿದೆಯ ಪ್ರಕಾರ ೪೫ ದಿನಗಳೊಳಗೆ ಕೊಡಬೇಕೆಂದಿದ್ದರೂ, ದೊಡ್ಡ ಗಿರಾಕಿಯ ಮೇಲೆ ದೂರು ಕೊಟ್ಟು ಮುಂದಿನ ಆರ್ಡರನ್ನು ಕಳೆದುಕೊಳ್ಳಲು ಸಣ್ಣವನು ಹಿಂಜರಿಯುವುದು ಸಹಜ. ಈ ನಡುವಿನ ಕಾಲವನ್ನು ದಾಟುವುದಕ್ಕೆ ಬ್ಯಾಂಕು ಕೊಡುವ ಸಾಲಕ್ಕೆ ಕ್ಯಾಷ್ ಕ್ರೆಡಿಟ್ ಎಂದು ಹೆಸರು.

ಈ ಸಾಲವನ್ನು ಅಳೆದು ಕೊಡುವುದು, ಕೊಟ್ಟ ಮೇಲೆ ಕಾಯುವುದು, ಇದೇ ನಾವು ಸೂಚಿಸುವ ಹೊಸ ಕೆಲಸ. ಇದರಲ್ಲಿ ಒಂದು ಎಚ್ಚರಿಕೆಯುಂಟು. ಅಳತೆಯ ಲೆಕ್ಕವನ್ನೂ ಯಂತ್ರ ಮಾಡಬಲ್ಲದು. ೨೦೧೮ರಲ್ಲಿಯೇ ಸಣ್ಣ ಉದ್ಯಮಿಗಳಿಗೆ ೫೯ ನಿಮಿಷಗಳಲ್ಲಿ ತಾತ್ವಿಕ ಒಪ್ಪಿಗೆ ಕೊಡುವ ಜಾಲತಾಣವೊಂದು ಆರಂಭವಾಯಿತು. ಅದು ತೆರಿಗೆಯ ಲೆಕ್ಕಪತ್ರಗಳನ್ನೂ ಬ್ಯಾಂಕಿನ ಖಾತೆಯನ್ನೂ ತಾನೇ ಓದುತ್ತದೆ. ಗುಮಾಸ್ತರಿಗೆ ಸೂತ್ರವನ್ನಷ್ಟೆ ಕಲಿಸಿ ಕಳುಹಿಸಿದರೆ, ಯಂತ್ರ ಕಳೆದ ವರ್ಷ ಕೊಂಡೊಯ್ದ ಕೆಲಸದಿಂದ ಅವರನ್ನೆತ್ತಿ ಅದು ಮುಂದಿನ ವರ್ಷ ಕೊಂಡೊಯ್ಯುವ ಕೆಲಸದಲ್ಲಿ ಕೂರಿಸಿದಂತಾಯಿತು. ಎಷ್ಟೋ ಮರುತರಬೇತಿಗಳು ಕೆಡುವುದು ಇಲ್ಲಿಯೇ ಎಂದು ನಮ್ಮ ಅಭಿಪ್ರಾಯ. ಸೂತ್ರವನ್ನು ಕಲಿಯಲೇಬೇಕು, ಆದರೆ ಸೂತ್ರಕ್ಕೆ ಹಾಕಿದ ಅಂಕಿ ನಿಜವೇ ಎಂದು ಕೇಳುವುದಕ್ಕಾಗಿ ಕಲಿಯಬೇಕು.

ಆರು ತಿಂಗಳ ಪಾಠ

ನಮ್ಮ ಕಲ್ಪನೆಯ ಅಭ್ಯರ್ಥಿಯು ೪೩ ವರ್ಷ ವಯಸ್ಸಿನ ಒಬ್ಬ ಗುಮಾಸ್ತೆ, ಹದಿನಾರು ವರ್ಷಗಳ ಸೇವೆ, ವಾಣಿಜ್ಯ ಪದವೀಧರೆ, ಕಾಲೇಜು ಬಿಟ್ಟ ಮೇಲೆ ಪರೀಕ್ಷೆಗೆ ಕುಳಿತವರಲ್ಲ. ಪಾಠಕ್ರಮದ ಮೊದಲ ವಾರದಲ್ಲಿ ಅವರಿಗೆ ಏನನ್ನೂ ಕಲಿಸಕೂಡದು. ಅರ್ಧಗಂಟೆಗೊಮ್ಮೆ ತಾವು ಮಾಡಿದ್ದೇನೆಂದು ಅವರೇ ಒಂದು ಪುಸ್ತಕದಲ್ಲಿ ಬರೆದಿಡಬೇಕು. ವಾರದ ಕೊನೆಯಲ್ಲಿ ಒಂದೊಂದು ಸಾಲನ್ನೂ ಮೇಲೆ ಹೇಳಿದ ಒರೆಗಲ್ಲಿಗೆ ಹಚ್ಚಿ ನೋಡಬೇಕು. ನಗದು ಎಣಿಕೆ, ಅರ್ಜಿ ತುಂಬುವುದು, ಸಹಿ ಹೋಲಿಸುವುದು ಒಂದು ಕಡೆಗೆ ಬೀಳುತ್ತವೆ. ಸತ್ತವರ ಖಾತೆಯ ಹಣಕ್ಕೆ ಬಂದ ಅಣ್ಣತಮ್ಮಂದಿರ ಜಗಳವನ್ನು ಕೇಳಿಸಿಕೊಂಡದ್ದು, ಒಬ್ಬ ವ್ಯಾಪಾರಿಯ ಚೆಕ್ಕುಗಳು ಎರಡು ತಿಂಗಳಿಂದ ಹೆಚ್ಚಾಗಿ ಹಿಂತಿರುಗುತ್ತಿರುವುದನ್ನು ಮ್ಯಾನೇಜರರಿಗೆ ತಿಳಿಸಿದ್ದು ಇನ್ನೊಂದು ಕಡೆಗೆ. ತಮಗೆ ಈಗಾಗಲೇ ಏನು ಗೊತ್ತಿದೆಯೆಂದು ಕಲಿಯುವವರಿಗೆ ಮೊದಲು ಕಾಣಬೇಕು; ನಲವತ್ತರ ಮೇಲೆ ಪಾಠಕ್ಕೆ ಕುಳಿತವರನ್ನು ಕಂಗೆಡಿಸುವುದು ಪಾಠದ ಕಷ್ಟಕ್ಕಿಂತ ಹೆಚ್ಚಾಗಿ, ಎಲ್ಲವನ್ನೂ ಮೊದಲಿಂದ ಆರಂಭಿಸಬೇಕೆಂಬ ಭಾವನೆ.

ಅನಂತರದ ಏಳು ವಾರಗಳಲ್ಲಿ ವಾರಕ್ಕೆರಡು ದಿನ ಕಿಟಕಿಯ ಕೆಲಸದಿಂದ ಬಿಡುವು. ಈ ಬಿಡುವು ಕಾಗದದ ಮೇಲಿನ ಬಿಡುವಾಗಬಾರದು; ಅವರ ಸ್ಥಳದಲ್ಲಿ ಇನ್ನೊಬ್ಬರನ್ನು ಕೂರಿಸದೆ ಹೋದರೆ ಮೂರನೆಯ ವಾರವೇ ತರಬೇತಿ ನಿಲ್ಲುತ್ತದೆ. ಈ ಅವಧಿಯಲ್ಲಿ ಕಲಿಯುವುದು ಓದನ್ನು: ಲಾಭನಷ್ಟದ ಪಟ್ಟಿ, ಆಸ್ತಿಹೊಣೆಗಳ ಪಟ್ಟಿ, ಜಿಎಸ್‌ಟಿಯ ಮಾಸಿಕ ಲೆಕ್ಕಗಳು. ಜಿಎಸ್‌ಟಿ ಲೆಕ್ಕಗಳಲ್ಲಿ ಎರಡು ಮುಖ್ಯ. GSTR-1 ಎಂಬುದರಲ್ಲಿ ಮಾರಾಟದ ಬಿಲ್ಲುಗಳ ವಿವರವೂ GSTR-3B ಎಂಬುದರಲ್ಲಿ ತೆರಿಗೆ ಕಟ್ಟಿದ ಸಾರಾಂಶವೂ ಇರುತ್ತವೆ. ಎರಡೂ ಒಂದಕ್ಕೊಂದು ತಾಳೆಯಾಗಬೇಕು. ಇದು ನಮ್ಮ ಅಭ್ಯರ್ಥಿಗೆ ಹೊಸ ಪುಸ್ತಕವೇ ಹೊರತು ಹೊಸ ವಿದ್ಯೆಯಲ್ಲ.

ಒಂಬತ್ತನೆಯ ವಾರದಿಂದ ಹದಿನಾಲ್ಕರ ವರೆಗೆ ಹಳೆಯ ಕಡತಗಳ ಅಭ್ಯಾಸ. ಹದಿನೈದರಿಂದ ಇಪ್ಪತ್ತೆರಡರ ವರೆಗೆ ಅನುಭವಸ್ಥ ಅಧಿಕಾರಿಯೊಡನೆ ಕಾರ್ಖಾನೆಗಳಿಗೆ ಭೇಟಿ. ಕೊನೆಯ ನಾಲ್ಕು ವಾರಗಳಲ್ಲಿ ಮೇಲ್ವಿಚಾರಣೆಯ ಕೆಳಗೆ ಸ್ವಂತ ಕಡತ. ಇಷ್ಟು ಚೌಕಟ್ಟು ಸಾಕು. ಒಂದು ಕಡತವನ್ನು ಬಿಡಿಸಿ ನೋಡಿದರೆ ಒಳಗಿನ ಕೆಲಸ ತಿಳಿಯುತ್ತದೆ.

ಒಂದು ಕಡತ

ಪೀಣ್ಯದಲ್ಲಿ ಮೂರು ಸಿಎನ್‌ಸಿ ಲೇತುಗಳಿರುವ ಒಂದು ಷೆಡ್ಡು. (ಇದೂ ನಮ್ಮ ಕಲ್ಪನೆಯದೇ, ಅಂಕಿಗಳನ್ನು ಲೆಕ್ಕಕ್ಕೆ ಅನುಕೂಲವಾಗುವಂತೆ ಇಟ್ಟಿದ್ದೇವೆ.) ಕಳೆದ ವರ್ಷದ ಮಾರಾಟ, ತೆರಿಗೆ ಬಿಟ್ಟು, ೧೨೦ ಲಕ್ಷ ರೂಪಾಯಿ. ಬರುವ ವರ್ಷ ೧೫೦ ಲಕ್ಷವಾಗುವುದೆಂದು ಮಾಲಿಕರ ಅಂದಾಜು. ಅವರು ಕ್ಯಾಷ್ ಕ್ರೆಡಿಟ್ ಕೇಳಿದ್ದಾರೆ.

ಸಣ್ಣ ಉದ್ಯಮಗಳಿಗೆ ಬಳಕೆಯಲ್ಲಿರುವ ಸೂತ್ರ ನಾಯಕ್ ಸಮಿತಿಯದು. ರಿಸರ್ವ್ ಬ್ಯಾಂಕಿನ ಡೆಪ್ಯುಟಿ ಗವರ್ನರರಾಗಿದ್ದ ಪಿ. ಆರ್. ನಾಯಕ್ ಅವರ ಅಧ್ಯಕ್ಷತೆಯ ಈ ಸಮಿತಿ ೧೯೯೨ರಲ್ಲಿ ವರದಿ ಕೊಟ್ಟಿತು. ಕೊಂಡ ಉಕ್ಕು ಮತ್ತೆ ಹಣವಾಗಿ ಕೈಸೇರಲು ಸುಮಾರು ಮೂರು ತಿಂಗಳು ಹಿಡಿಯುತ್ತದೆಂದು ಇಟ್ಟುಕೊಂಡರೆ, ವರ್ಷದ ವಹಿವಾಟಿನ ಕಾಲುಭಾಗದಷ್ಟು ಹಣ ಸದಾ ಸುತ್ತುತ್ತಿರಬೇಕಾಗುತ್ತದೆ. ಈ ಶೇಕಡ ೨೫ರಲ್ಲಿ ೫ ಮಾಲಿಕನದು, ೨೦ ಬ್ಯಾಂಕಿನದು. ಅಂದರೆ ೧೫೦ ಲಕ್ಷಕ್ಕೆ ಬ್ಯಾಂಕಿನ ಪಾಲು ೩೦ ಲಕ್ಷ. ಯಂತ್ರವು ಈ ಉತ್ತರವನ್ನು ಕ್ಷಣಾರ್ಧದಲ್ಲಿ ಕೊಡುತ್ತದೆ. ಅಭ್ಯರ್ಥಿಯ ಕೆಲಸ ಆರಂಭವಾಗುವುದು ಇಲ್ಲಿಂದ.

ಮೊದಲನೆಯ ತಾಳೆ: ಮಾರಾಟ ನಿಜವೇ? ತೆರಿಗೆಯ ಲೆಕ್ಕದಲ್ಲಿ ೧೨೦ ಲಕ್ಷವಿದೆ. ಬ್ಯಾಂಕಿನ ಖಾತೆಗೆ ವರ್ಷವಿಡೀ ಜಮಾ ಆದದ್ದು ೧೩೮ ಲಕ್ಷ. ಹೊಸಬರು ಇಲ್ಲಿ ಬೆಚ್ಚಿ, ೧೮ ಲಕ್ಷದ ಮಾರಾಟವನ್ನು ಬಚ್ಚಿಟ್ಟಿದ್ದಾರೆಂದು ತಿಳಿಯುವುದುಂಟು. ಆದರೆ ಖಾತೆಗೆ ಬರುವ ಹಣದಲ್ಲಿ ತೆರಿಗೆಯೂ ಸೇರಿರುತ್ತದೆ. ಈ ಯಂತ್ರಭಾಗಗಳ ಮೇಲೆ ಶೇಕಡ ೧೮ರಂತೆ ತೆರಿಗೆ ೨೧.೬ ಲಕ್ಷ, ಬಿಲ್ಲುಗಳ ಒಟ್ಟು ೧೪೧.೬ ಲಕ್ಷ. ಆಗ ಜಮಾ ಆದದ್ದು ಹೆಚ್ಚಲ್ಲ, ೩.೬ ಲಕ್ಷ ಕಡಮೆ. ಗಿರಾಕಿಗಳ ಬಾಕಿ ಅಷ್ಟು ಬೆಳೆದಿರಬೇಕೆಂದು ಸಮಾಧಾನಪಟ್ಟುಕೊಳ್ಳಬಹುದು. ಹದಿನಾರು ವರ್ಷ ಜಮಾಚೀಟಿಗಳನ್ನು ನೋಡಿದ ನಮ್ಮ ಅಭ್ಯರ್ಥಿ ಅಲ್ಲಿಗೆ ನಿಲ್ಲದೆ ಜಮಾಗಳ ಸಾಲುಗಳನ್ನೇ ಓದುತ್ತಾರೆ. ಅವುಗಳಲ್ಲಿ ಮೂರು ಸಲ ಎರಡೆರಡು ಲಕ್ಷ, ಯಾವ ಗಿರಾಕಿಯದೂ ಅಲ್ಲದ ಹೆಸರಿನಿಂದ ಬಂದಿದೆ. ವಿಚಾರಿಸಿದರೆ ಅದು ಮಾಲಿಕರ ಭಾವಮೈದುನನಿಂದ ತಂದ ಕೈಗಡ. ಗಿರಾಕಿಗಳಿಂದ ಬಂದದ್ದು ಹಾಗಾದರೆ ೧೩೨ ಲಕ್ಷ ಮಾತ್ರ. ಬಾಕಿ ಬೆಳೆದದ್ದು ೯.೬ ಲಕ್ಷ. ವರ್ಷದ ಮೊದಲಲ್ಲಿ ೨೦.೪ ಲಕ್ಷವಿದ್ದ ಬಾಕಿ ಕೊನೆಗೆ ೩೦ ಲಕ್ಷವಾಗಿರುವುದನ್ನು ಬಾಕಿದಾರರ ಪಟ್ಟಿ ದೃಢಪಡಿಸುತ್ತದೆ. ಮಾಲಿಕರು ಕಳ್ಳಲೆಕ್ಕ ಬರೆದವರಲ್ಲ. ಗಿರಾಕಿಗಳು ತಡಮಾಡಿದ್ದನ್ನು ನೆಂಟರ ಹಣದಿಂದ ತುಂಬಿಕೊಂಡವರು. ಈ ಎರಡಕ್ಕೂ ಬ್ಯಾಂಕು ಮಾಡಬೇಕಾದದ್ದು ಬೇರೆಬೇರೆ. ಒಟ್ಟು ಮೊತ್ತವನ್ನು ಮಾತ್ರ ನೋಡಿದವರಿಗೆ ಈ ಭೇದ ಕಾಣದು.

ಎರಡನೆಯದು: ೧೫೦ ಲಕ್ಷ ಎಲ್ಲಿಂದ ಬರುತ್ತದೆ? ಇದಕ್ಕೆ ಷೆಡ್ಡಿಗೆ ಹೋಗಬೇಕು. ನಮ್ಮ ಅಭ್ಯರ್ಥಿ ಮಾಲಿಕರನ್ನು ಕೇಳುವ ಪ್ರಶ್ನೆ ಒಂದೇ: "ಸರ್, ಹೆಚ್ಚಿನ ಮೂವತ್ತು ಲಕ್ಷದ ಮಾಲು ಯಾವ ಯಂತ್ರದಲ್ಲಿ ಆಗುತ್ತೆ?" ಎರಡು ಲೇತುಗಳು ಈಗಾಗಲೇ ಎರಡು ಪಾಳಿ ಓಡುತ್ತಿವೆ. ಮೂರನೆಯದು ಒಂದೇ ಪಾಳಿ. "ಆಪರೇಟರ್ ಸಿಗ್ತಿಲ್ಲ ಮೇಡಂ, ಸಿಕ್ಕಿದರೆ ನಾಳೆಯೇ ಓಡಿಸ್ತೀನಿ" ಎಂಬುದು ಉತ್ತರ. ಮೂರು ಯಂತ್ರಗಳ ಐದು ಪಾಳಿಗಳಿಂದ ೧೨೦ ಲಕ್ಷವಾದರೆ ಆರನೆಯ ಪಾಳಿ ಪೂರ್ತಿ ಓಡಿದರೂ ೧೪೪ ಲಕ್ಷ. ಕೆಲಸಗಾರ ಸಿಕ್ಕಿ ಪಳಗುವುದಕ್ಕೆ ಅರ್ಧ ವರ್ಷ ಹೋಯಿತೆಂದರೆ ೧೩೨ ಲಕ್ಷವೇ ನ್ಯಾಯವಾದ ಅಂದಾಜು. ಅದರ ಶೇಕಡ ೨೦ ಎಂದರೆ ೨೬.೪ ಲಕ್ಷ. ಅಭ್ಯರ್ಥಿಯ ಶಿಫಾರಸು ಇಷ್ಟಕ್ಕೆ. ಆರನೆಯ ಪಾಳಿ ನಿಜವಾಗಿ ಆರಂಭವಾದರೆ ಆರು ತಿಂಗಳ ಮೇಲೆ ಪುನಃ ನೋಡಬಹುದೆಂದು ಟಿಪ್ಪಣಿ.

ಷೆಡ್ಡಿನಲ್ಲಿ ಬೇರೆ ಕೆಲವನ್ನೂ ನೋಡುವುದುಂಟು. ವಿದ್ಯುತ್ತಿನ ಬಿಲ್ಲುಗಳನ್ನು ಹನ್ನೆರಡು ತಿಂಗಳಿಗೂ ಜೋಡಿಸಿಟ್ಟರೆ ಉತ್ಪಾದನೆಯ ಏರಿಳಿತ ತಿಳಿಯುತ್ತದೆ. ಮಾರಾಟ ಏರಿ ವಿದ್ಯುತ್ತು ಏರದಿದ್ದರೆ ಕೇಳಬೇಕು. ಲೇತಿನಿಂದ ಉದುರುವ ಲೋಹದ ಚೂರು ಎಲ್ಲಿಗೆ ಹೋಗುತ್ತದೆಂದು ಕೇಳುವುದೂ ಒಳ್ಳೆಯದು, ಏಕೆಂದರೆ ಗುಜರಿಯ ಮಾರಾಟವಿಲ್ಲದೆ ಕತ್ತರಿಸುವ ಕೆಲಸ ನಡೆದಿರಲಾರದು. ಒಬ್ಬರೇ ವ್ಯಕ್ತಿ ಮಾರುವವರ ಪಟ್ಟಿಯಲ್ಲೂ ಕೊಳ್ಳುವವರ ಪಟ್ಟಿಯಲ್ಲೂ ದೊಡ್ಡ ಮೊತ್ತಗಳಲ್ಲಿ ಕಾಣಿಸಿಕೊಂಡರೆ, ಸರಕಿಲ್ಲದೆ ಬಿಲ್ಲುಗಳು ಮಾತ್ರ ಸುತ್ತುತ್ತಿರಬಹುದು. ವಹಿವಾಟನ್ನು ಉಬ್ಬಿಸಿ ತೋರಿಸುವ ಹಳೆಯ ಉಪಾಯವಿದು. ಹೀಗೆ ಕಂಡದ್ದೆಲ್ಲ ಮೋಸವೇ ಎಂದಲ್ಲ. ಉಕ್ಕು ಮಾರುವವನೇ ಬಿಡಿಭಾಗವನ್ನೂ ಕೊಳ್ಳುವುದುಂಟು.

ಸಾಲ ಮಂಜೂರಾದ ಮೇಲೆ ಕೆಲಸ ಮುಗಿಯಿತೆನ್ನುವಂತಿಲ್ಲ. ಮಾಲಿಕರು ತಿಂಗಳಿಗೊಮ್ಮೆ ದಾಸ್ತಾನು ಪಟ್ಟಿ ಕೊಡಬೇಕು. ಅದರ ಮೇಲೆ ಆ ತಿಂಗಳು ಎಷ್ಟು ಹಣ ತೆಗೆಯಬಹುದೆಂಬುದನ್ನು, ಎಂದರೆ ಡ್ರಾಯಿಂಗ್ ಪವರನ್ನು, ಲೆಕ್ಕಹಾಕುತ್ತಾರೆ. ನಮ್ಮ ಷೆಡ್ಡಿನಲ್ಲಿ ದಾಸ್ತಾನು ೧೮ ಲಕ್ಷ. ಅದರಲ್ಲಿ ೬ ಲಕ್ಷದ ಮಾಲಿಗೆ ಇನ್ನೂ ಹಣ ಕೊಟ್ಟಿಲ್ಲ. ಹಣ ಕೊಡದ ಮಾಲನ್ನು ಮಾಲಿಕನ ಸ್ವಂತದ್ದೆಂದು ಎಣಿಸಕೂಡದಾದ್ದರಿಂದ ಉಳಿದದ್ದು ೧೨ ಲಕ್ಷ. ಶೇಕಡ ೨೫ ಮಾರ್ಜಿನ್ ಕಳೆದರೆ ೯ ಲಕ್ಷ. ಬರಬೇಕಾದ ೩೦ ಲಕ್ಷದಲ್ಲಿ ೫ ಲಕ್ಷ ೯೦ ದಿನಗಳಿಗಿಂತ ಹಳೆಯದು; ಅದನ್ನು ಬಿಡಬೇಕು. ಉಳಿದ ೨೫ ಲಕ್ಷದಲ್ಲಿ ಶೇಕಡ ೪೦ ಮಾರ್ಜಿನ್ ಕಳೆದರೆ ೧೫ ಲಕ್ಷ. ಎರಡೂ ಸೇರಿ ೨೪ ಲಕ್ಷ. (ಮಾರ್ಜಿನ್ನಿನ ಪ್ರಮಾಣವು ಬ್ಯಾಂಕಿನಿಂದ ಬ್ಯಾಂಕಿಗೆ ವ್ಯತ್ಯಾಸವಾಗುತ್ತದೆ.) ಮಂಜೂರಾದದ್ದು ೨೬.೪ ಲಕ್ಷವಾದರೂ ಈ ತಿಂಗಳು ತೆಗೆಯಬಹುದಾದದ್ದು ೨೪ ಲಕ್ಷ ಮಾತ್ರ.

ಲೆಕ್ಕವನ್ನು ಗಣಕವೇ ಹಾಕುತ್ತದೆ. ಪಟ್ಟಿಯನ್ನು ನಂಬಬಹುದೇ ಎಂಬುದೊಂದೇ ಮನುಷ್ಯರಿಗೆ ಉಳಿದ ಪ್ರಶ್ನೆ. ಮೂರು ತಿಂಗಳೂ ದಾಸ್ತಾನು ಹೆಚ್ಚುಕಡಮೆ ಒಂದೇ ಅಂಕಿಯಲ್ಲಿ ನಿಂತಿದ್ದರೆ ಅದು ಎಣಿಸಿ ಬರೆದ ಪಟ್ಟಿಯಲ್ಲ, ನಕಲು ಮಾಡಿದ ಪಟ್ಟಿ. ನಡೆಯುವ ಕಾರ್ಖಾನೆಯಲ್ಲಿ ದಾಸ್ತಾನು ಅಷ್ಟು ನಿಶ್ಚಲವಾಗಿರುವುದಿಲ್ಲ. ಹೋಗಿ ನೋಡಿದಾಗ ಉಕ್ಕಿನ ಸರಳುಗಳ ಮೇಲೆ ತುಕ್ಕು ಹಿಡಿದು ಧೂಳು ಕೂತಿದ್ದರೆ ಅದು ಗಿರಾಕಿ ಬೇಡವೆಂದ ಆರ್ಡರಿನ ಮಾಲಾಗಿರಬಹುದು. ಪಟ್ಟಿಯಲ್ಲಿ ಮಾತ್ರ ಅದಕ್ಕೆ ಹೊಸ ಉಕ್ಕಿನ ಬೆಲೆ.

ಕಲಿತರೆಂದು ತಿಳಿಯುವುದು ಹೇಗೆ

ತರಬೇತಿ ಮುಗಿದ ದಿನ ಪ್ರಶ್ನೆಪತ್ರಿಕೆ ಕೊಟ್ಟು ಅಂಕ ಹಾಕುವುದು ರೂಢಿ. ಇದರಿಂದ ಸೂತ್ರ ನೆನಪಿದೆಯೇ ಎಂಬುದಷ್ಟೆ ತಿಳಿಯುತ್ತದೆ. ಇದಕ್ಕಿಂತ ಉತ್ತಮವಾದ ಪರೀಕ್ಷೆಯುಂಟು. ಬ್ಯಾಂಕಿನ ಬಳಿ ಹಳೆಯ ಸಾಲಗಳ ಕಡತಗಳಿರುತ್ತವೆ; ಯಾವುದು ತೀರಿತು, ಯಾವುದು ಕೆಟ್ಟಿತು ಎಂಬುದು ಬ್ಯಾಂಕಿಗೆ ಗೊತ್ತು. ಅಂಥ ಇಪ್ಪತ್ತು ಕಡತಗಳನ್ನು, ಕೊನೆಯ ಫಲಿತಾಂಶದ ಹಾಳೆಗಳನ್ನು ತೆಗೆದು, ಅಭ್ಯರ್ಥಿಗೆ ಕೊಡಬೇಕು. ಅವುಗಳಲ್ಲಿ ನಾಲ್ಕು ಕೆಟ್ಟ ಸಾಲಗಳೆಂದಿಟ್ಟುಕೊಳ್ಳೋಣ. ಎಂಟನೆಯ ವಾರದಲ್ಲಿ ಅಭ್ಯರ್ಥಿ ಎಂಟು ಕಡತಗಳನ್ನು ಸಂಶಯಾಸ್ಪದವೆಂದು ಗುರುತಿಸಿದರು. ಕೆಟ್ಟ ನಾಲ್ಕರಲ್ಲಿ ಮೂರು ಸಿಕ್ಕಿದವು, ಒಳ್ಳೆಯ ಐದು ಸುಮ್ಮನೆ ಸಂಶಯಕ್ಕೆ ಬಿದ್ದವು. ಇಪ್ಪತ್ತಾರನೆಯ ವಾರದಲ್ಲಿ ಬೇರೆ ಇಪ್ಪತ್ತು ಕಡತಗಳಲ್ಲಿ ಐದನ್ನು ಮಾತ್ರ ಗುರುತಿಸಿದರು. ಕೆಟ್ಟವು ಮೂರೇ ಸಿಕ್ಕಿದರೂ ಸುಳ್ಳು ಸಂಶಯ ಎರಡಕ್ಕೆ ಇಳಿಯಿತು. ಎರಡು ಬಗೆಯ ತಪ್ಪುಗಳನ್ನೂ ಎಣಿಸುವುದು ಏಕೆಂದರೆ, ಇಪ್ಪತ್ತನ್ನೂ ಸಂಶಯಿಸಿದವರಿಗೆ ಕೆಟ್ಟ ನಾಲ್ಕೂ ಸಿಕ್ಕೇ ಸಿಗುತ್ತವೆ. ಅಂಥವರ ಶಾಖೆಯಲ್ಲಿ ಯಾವ ಷೆಡ್ಡಿಗೂ ಸಾಲ ಹುಟ್ಟುವುದಿಲ್ಲ.

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಎರಡು ಆಕ್ಷೇಪಗಳನ್ನು ಎತ್ತಬಹುದು, ಎರಡೂ ಸರಿಯಾದವೇ. ಕೆಟ್ಟ ಕಡತ ನಾಲ್ಕೇ ಇರುವಾಗ ಒಂದು ಕಡತದ ವ್ಯತ್ಯಾಸ ಕೇವಲ ಅದೃಷ್ಟವಿರಬಹುದು. ಆದ್ದರಿಂದ ಒಬ್ಬರ ಫಲಿತಾಂಶವನ್ನು ನೋಡಿ ಪಾಠಕ್ರಮವನ್ನು ಹೊಗಳುವುದಾಗಲಿ ತೆಗಳುವುದಾಗಲಿ ತರವಲ್ಲ, ಹಲವು ಅಭ್ಯರ್ಥಿಗಳದನ್ನು ಕೂಡಿಸಿ ನೋಡಬೇಕು. ಎರಡನೆಯದು ಇನ್ನೂ ಸೂಕ್ಷ್ಮ. ಬ್ಯಾಂಕಿನ ಕಪಾಟಿನಲ್ಲಿರುವುದು ಕೊಟ್ಟ ಸಾಲಗಳ ಫಲಿತಾಂಶ ಮಾತ್ರ. ನಿರಾಕರಿಸಿದ ಅರ್ಜಿಗಳು ಕೊಟ್ಟಿದ್ದರೆ ತೀರುತ್ತಿದ್ದವೋ ಇಲ್ಲವೋ ಯಾರಿಗೂ ತಿಳಿಯದು. ಹಳೆಯ ಅಧಿಕಾರಿಗಳು ಒಂದು ಬಗೆಯ ಅರ್ಜಿದಾರರನ್ನು, ಮನೆಯ ಆಸ್ತಿಯಿಲ್ಲದ ಹೆಂಗಸರನ್ನೋ ಮೊದಲ ತಲೆಮಾರಿನ ಉದ್ಯಮಿಗಳನ್ನೋ, ಅಭ್ಯಾಸಬಲದಿಂದ ತಿರಸ್ಕರಿಸುತ್ತಿದ್ದರೆ ಈ ಪರೀಕ್ಷೆ ಆ ಲೋಪವನ್ನು ಎತ್ತಿ ತೋರಿಸಲಾರದು. ಹಳೆಯ ಕಡತಗಳಿಂದ ಕಲಿಯುವ ಯಂತ್ರಕ್ಕೂ ಇದೇ ಮಿತಿ ಅಂಟಿಕೊಂಡಿರುತ್ತದೆ.

ಬಡ್ತಿಯ ತೊಡಕು

ಇಷ್ಟೆಲ್ಲ ಕಲಿತವರನ್ನು ಅಧಿಕಾರಿಯ ಹುದ್ದೆಗೆ ಏರಿಸುವುದೇ ನ್ಯಾಯವೆಂದು ಹೊರಗಿನವರಿಗೆ ತೋರುತ್ತದೆ. ಬ್ಯಾಂಕಿನ ಒಳಗಿನವರಿಗೆ ಗೊತ್ತಿರುವ ಸಂಗತಿ ಬೇರೆ. ಸಾರ್ವಜನಿಕ ಬ್ಯಾಂಕುಗಳಲ್ಲಿ ಅಧಿಕಾರಿಯಾದವರನ್ನು ದೇಶದ ಯಾವ ಮೂಲೆಗಾದರೂ ವರ್ಗಮಾಡಬಹುದು. ಗುಮಾಸ್ತರು ಸಾಮಾನ್ಯವಾಗಿ ತಮ್ಮ ರಾಜ್ಯದಲ್ಲಿಯೇ ಇರುತ್ತಾರೆ. ನಲವತ್ತಮೂರರ ವಯಸ್ಸಿನಲ್ಲಿ ಮಗನ ಪಿಯುಸಿ, ವಯಸ್ಸಾದ ಅತ್ತೆಮಾವ, ದಾಸರಹಳ್ಳಿಯ ಮನೆಯ ಸಾಲದ ಕಂತು, ಇವುಗಳನ್ನು ಬಿಟ್ಟು ಹೊರರಾಜ್ಯಕ್ಕೆ ಹೋಗಲಾರದೆ ಬಡ್ತಿಯನ್ನೇ ಬೇಡವೆಂದವರು ಪ್ರತಿ ಶಾಖೆಯಲ್ಲೂ ಸಿಗುತ್ತಾರೆ. ಅವರಿಗೆ ಯೋಗ್ಯತೆಯಿಲ್ಲವೆಂದಾಗಲಿ ಆಸೆಯಿಲ್ಲವೆಂದಾಗಲಿ ಇದರ ಅರ್ಥವಲ್ಲ. ಮರುಶಿಕ್ಷಣವನ್ನು ಬಡ್ತಿಗೆ ಗಂಟುಹಾಕಿದರೆ ಇಂಥವರು ಅರ್ಜಿಯನ್ನೇ ಹಾಕುವುದಿಲ್ಲ. ಹಾಕಿದವರು ಕಲಿತ ಮರುವರ್ಷ ವರ್ಗವಾಗಿ, ಪೀಣ್ಯದ ಷೆಡ್ಡುಗಳ ಬಗ್ಗೆ ಅವರು ಗಳಿಸಿದ ತಿಳಿವಳಿಕೆ ಪೀಣ್ಯಕ್ಕೆ ಇಲ್ಲವಾಗುತ್ತದೆ. ಗುಮಾಸ್ತರ ವರ್ಗದಲ್ಲಿಯೇ ವಿಶೇಷ ಭತ್ಯೆಯುಳ್ಳ ಹುದ್ದೆಗಳ ಪದ್ಧತಿ ಹಿಂದಿನಿಂದಲೂ ಇದೆ. ಸಾಲದ ತನಿಖೆಗೂ ಅಂಥ ಹುದ್ದೆಯೊಂದನ್ನು ಸೇರಿಸಿ, ಮಂಜೂರಾತಿಯ ಸಹಿಯನ್ನು ಅಧಿಕಾರಿಗೂ ಭೇಟಿ, ತಾಳೆ, ಟಿಪ್ಪಣಿಗಳನ್ನು ಗುಮಾಸ್ತರಿಗೂ ಹಂಚುವುದು ನಮಗೆ ಸರಿಯೆಂದು ತೋರುತ್ತದೆ.

ಒಂದು ಶಾಖೆಯ ಎಲ್ಲ ಗುಮಾಸ್ತರಿಗೂ ಈ ಕೆಲಸ ಸಾಲದೆಂಬುದನ್ನೂ ಹೇಳಬೇಕು. ವಾರಕ್ಕೆ ನಾಲ್ಕು ಷೆಡ್ಡುಗಳಿಗೆ ಹೋಗಿಬಂದು ಟಿಪ್ಪಣಿ ಬರೆಯಬಲ್ಲವರು ಮೂರು ತಿಂಗಳಲ್ಲಿ ಐವತ್ತು ಸಾಲಗಾರರನ್ನು ಒಂದೊಂದು ಸಲ ನೋಡಿಯಾರು. ಶಾಖೆಯಲ್ಲಿ ನೂರು ಕ್ಯಾಷ್ ಕ್ರೆಡಿಟ್ ಖಾತೆಗಳಿದ್ದರೆ ಇಬ್ಬರಿಗೆ ಕೆಲಸ, ಮೂರನೆಯವರಿಗೆ ಇಲ್ಲ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಶಾಖೆಗಳಲ್ಲಿ ಸಂಬಳದ ಖಾತೆಗಳೂ ಮನೆಸಾಲಗಳೂ ಹೆಚ್ಚಾಗಿದ್ದು ಷೆಡ್ಡುಗಳು ಕಡಮೆ. 'ತಾಳೆಯ ಕಣ್ಣಿ'ಗೆ ಅಲ್ಲಿ ಸಲ್ಲುವ ಕೆಲಸ ಫೋನಿನ ಮೂಲಕ ಮೋಸಹೋದವರ ದೂರುಗಳನ್ನು ಬಿಡಿಸುವುದು. ಯಾವ ಖಾತೆಯಿಂದ ಯಾವ ಖಾತೆಗೆ ಎಷ್ಟು ನಿಮಿಷಗಳಲ್ಲಿ ಹಣ ಹಾರಿತೆಂದು ಹುಡುಕುವ ಆ ವಿದ್ಯೆಯ ಪಾಠಕ್ರಮ ಇದಕ್ಕಿಂತ ತೀರ ಬೇರೆ. ಅದಕ್ಕೂ ಮೊದಲ ವಾರ ಮಾತ್ರ ಇದೇ, ಅರ್ಧಗಂಟೆಗೊಮ್ಮೆ ಬರೆದಿಡುವ ಪುಸ್ತಕ.